ಶೀರ್ಷಿಕೆಯ ಮುಖ್ಯ ಪದ ಆರಿಸುವುದು ಹೇಗೆ: ತಿಳಿಯಲು ಬಂದವರಿಗೆ ಒಂದು, ಕೊಳ್ಳಲು ಬಂದವರಿಗೆ ಇನ್ನೊಂದು

ಪುಟ ಗೂಗಲ್‌ನಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಯಾರೂ ಒತ್ತುವುದಿಲ್ಲ. ಒತ್ತಿದವರೂ ಅರೆಕ್ಷಣದಲ್ಲಿ ಹಿಂದಕ್ಕೆ ಹೋಗುತ್ತಾರೆ. ಈ ತೊಂದರೆ ಇರುವ ಶೀರ್ಷಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಹೆಚ್ಚಿನವುಗಳಲ್ಲಿ ಒಂದೇ ತಪ್ಪು ಕಾಣುತ್ತದೆ. ವಸ್ತುವಿನ ಹೆಸರು ಸರಿಯಾಗಿಯೇ ಇರುತ್ತದೆ, ಆದರೆ ಆ ಹೆಸರಿನ ಜೊತೆ ಬರಬೇಕಾದ ಪದ ತಪ್ಪಿರುತ್ತದೆ ಅಥವಾ ಇರುವುದೇ ಇಲ್ಲ.

‘ಫ್ಯಾನ್ ಕೆಪಾಸಿಟರ್’ ಎಂಬುದು ವಿಷಯದ ಹೆಸರು ಮಾತ್ರ. ‘ಬದಲಾಯಿಸುವುದು ಹೇಗೆ’ ಎಂದು ಸೇರಿಸಿದರೆ ಹುಡುಕುವವರು ತಿಳಿಯಲು ಬಂದಿದ್ದಾರೆ ಎಂದಾಗುತ್ತದೆ. ‘ಖರೀದಿ’ ಎಂದು ಸೇರಿಸಿದರೆ ಕೊಳ್ಳಲು ಬಂದಿದ್ದಾರೆ ಎಂದಾಗುತ್ತದೆ. ಉದ್ದೇಶ ಇರುವುದು ಈ ಜೊತೆಪದದಲ್ಲಿ. ಇಲ್ಲಿ ಹೇಳುವ ಆರು ಹಂತಗಳೂ ಅದನ್ನು ಊಹೆಯಿಂದಲ್ಲದೆ ನೋಡಿ ಆರಿಸುವುದಕ್ಕಾಗಿಯೇ ಇವೆ. ಉದಾಹರಣೆಗೆ ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಕುರಿತ ಪುಟವೊಂದನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಂಡು ಹೋಗೋಣ.

## ಏನೇನು ಬೇಕು

ನಿಮ್ಮ ತಾಣಕ್ಕೆ ಗೂಗಲ್ ಸರ್ಚ್ ಕನ್ಸೋಲ್ ಜೋಡಣೆಯಾಗಿರಬೇಕು, ಅದರಲ್ಲಿ ಕನಿಷ್ಠ ಮೂರು ತಿಂಗಳ ಲೆಕ್ಕ ಇದ್ದರೆ ಒಳ್ಳೆಯದು. ಒಂದು ಎಕ್ಸೆಲ್ ಹಾಳೆ ಅಥವಾ ಅಂಥದ್ದೇ ಯಾವುದಾದರೂ ಬೇಕು. ಪುಟದ ಶೀರ್ಷಿಕೆ ಮತ್ತು ಒಳಗಿನ ಬರಹ ಎರಡನ್ನೂ ತಿದ್ದುವ ಅನುಮತಿ ನಿಮಗಿರಬೇಕು. ಶೀರ್ಷಿಕೆ ಮಾತ್ರ ತಿದ್ದಬಹುದು, ಒಳಗೆ ಕೈ ಹಾಕುವಂತಿಲ್ಲ ಎಂಬ ಸ್ಥಿತಿ ಇದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಐದನೇ ಹಂತದಲ್ಲಿ ಅದರ ಕಾರಣ ತಿಳಿಯುತ್ತದೆ. ಹಣ ಕೊಟ್ಟು ಕೊಳ್ಳುವ ಕೀವರ್ಡ್ ಸಾಧನಗಳು ಈ ಕೆಲಸಕ್ಕೆ ಬೇಕಾಗಿಲ್ಲ.

## ಹಂತ 1: ಪುಟ ನಿಜವಾಗಿ ಏನು ಮಾಡುತ್ತದೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ

ಕೀವರ್ಡ್ ಹುಡುಕುವ ಮೊದಲೇ ಇದನ್ನು ಮಾಡಬೇಕು. ಪುಟವನ್ನು ತೆರೆದು, ಬಂದವರು ಇಲ್ಲಿಂದ ಏನನ್ನು ತೆಗೆದುಕೊಂಡು ಹೋಗುತ್ತಾರೆ ಎಂದು ಕೇಳಿಕೊಂಡು, ಹಾಳೆಯ ಮೇಲ್ಭಾಗದಲ್ಲಿ ಒಂದೇ ವಾಕ್ಯ ಬರೆಯಿರಿ. ‘ಇದನ್ನು ಓದಿದವರು ಕೆಪಾಸಿಟರನ್ನು ತಾವೇ ಬದಲಾಯಿಸಬಲ್ಲರು’ ಎಂದಾದರೆ ಅದು ಮಾಹಿತಿಯ ಪುಟ. ‘ಇಲ್ಲಿ ಬಂದವರು ತಮ್ಮ ಫ್ಯಾನಿಗೆ ಹೊಂದುವ ಕೆಪಾಸಿಟರ್ ಆರಿಸಿ ಆರ್ಡರ್ ಮಾಡಬಲ್ಲರು’ ಎಂದಾದರೆ ಅದು ವಹಿವಾಟಿನ ಪುಟ. ವಹಿವಾಟು ಎಂದರೆ ದುಡ್ಡು ಕೊಡುವುದೊಂದೇ ಅಲ್ಲ. ಡೌನ್‌ಲೋಡ್, ನೋಂದಣಿ, ಅರ್ಜಿ ಸಲ್ಲಿಕೆ, ಬುಕಿಂಗ್ ಎಲ್ಲವೂ ಇದರೊಳಗೇ ಬರುತ್ತವೆ. ಒಟ್ಟಿನಲ್ಲಿ ಬಂದವರು ಅಲ್ಲಿಯೇ ಒಂದು ಕೆಲಸ ಮುಗಿಸಿಕೊಳ್ಳಬೇಕು.

ಆ ವಾಕ್ಯದಲ್ಲಿ ‘ಮತ್ತು’ ಬಂದುಬಿಟ್ಟರೆ ಅದು ಎಚ್ಚರಿಕೆಯ ಗುರುತು. ‘ಬದಲಾಯಿಸುವುದನ್ನು ಕಲಿಯುತ್ತಾರೆ ಮತ್ತು ಕೊಳ್ಳುತ್ತಾರೆ’ ಎಂದು ಬರೆದಿದ್ದರೆ ನಿಮ್ಮ ಕೈಯಲ್ಲಿ ಎರಡು ಪುಟಗಳು ಒಂದರೊಳಗೊಂದು ಸೇರಿಕೊಂಡಿವೆ. ನಮ್ಮ ಉದಾಹರಣೆಯ ಪುಟ ಇದೇ ಬಗೆಯದು. ಮೇಲೆ ನಾಲ್ಕು ಕೆಪಾಸಿಟರ್‌ಗಳ ಚಿತ್ರ ಮತ್ತು ಆರ್ಡರ್ ಗುಂಡಿ ಇವೆ, ಕೆಳಗೆ ಬದಲಾಯಿಸುವ ವಿಧಾನದ ಉದ್ದನೆಯ ವಿವರಣೆ ಇದೆ. ಅದರ ಈಗಿನ ಶೀರ್ಷಿಕೆ ಹೀಗಿದೆ:

```html
<title>ಫ್ಯಾನ್ ಕೆಪಾಸಿಟರ್ – ಸಂಪೂರ್ಣ ಮಾಹಿತಿ, ಬೆಲೆ ಮತ್ತು ಖರೀದಿ</title>
```

ಇದನ್ನು ಬರೆದವರು ಎಲ್ಲರನ್ನೂ ಒಳಗೆ ಕರೆಯಲು ನೋಡಿದ್ದಾರೆ. ಆದರೆ ಫ್ಯಾನ್ ಬಿಚ್ಚಿಟ್ಟುಕೊಂಡು ಏಣಿಯ ಪಕ್ಕ ನಿಂತವರಿಗೆ ಇದು ಅಂಗಡಿಯಂತೆ ಕಾಣುತ್ತದೆ. ಈಗಲೇ ಆರ್ಡರ್ ಮಾಡಬೇಕೆಂದಿರುವವರಿಗೆ ಇದು ಲೇಖನದಂತೆ ಕಾಣುತ್ತದೆ.

## ಹಂತ 2: ಜನ ನಿಜವಾಗಿ ಟೈಪ್ ಮಾಡಿದ ಪದಗಳನ್ನು ಹೊರತೆಗೆಯಿರಿ

ಸರ್ಚ್ ಕನ್ಸೋಲ್‌ನಲ್ಲಿ Performance ತೆರೆದು ಅವಧಿಯನ್ನು ಮೂರು ತಿಂಗಳಿಗೆ ಇಡಿ. ಕ್ಲಿಕ್, ಇಂಪ್ರೆಷನ್, ಸಿಟಿಆರ್, ಸರಾಸರಿ ಸ್ಥಾನ ಈ ನಾಲ್ಕನ್ನೂ ಆನ್ ಮಾಡಿ. ಇಂಪ್ರೆಷನ್ ಎಂದರೆ ಪುಟ ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು ಎಂಬುದು, ಸಿಟಿಆರ್ ಎಂದರೆ ಅದರಲ್ಲಿ ಶೇಕಡಾ ಎಷ್ಟು ಸಲ ಜನ ಒತ್ತಿದರು ಎಂಬುದು. ನಂತರ ಮೊದಲು Pages ಪಟ್ಟಿಗೆ ಹೋಗಿ ನಿಮ್ಮ ಪುಟದ ಮೇಲೆ ಒತ್ತಿ, ಆಮೇಲೆ Queries ಪಟ್ಟಿಗೆ ಬನ್ನಿ. ಈ ಕ್ರಮ ತಪ್ಪಬಾರದು. ನೇರವಾಗಿ Queries ನೋಡಿದರೆ ಇಡೀ ತಾಣದ ಪದಗಳು ಬರುತ್ತವೆ, ಬೇರೆ ಪುಟ ಗಳಿಸಿದ ಪದವನ್ನು ಈ ಪುಟದ್ದೆಂದು ತಿಳಿದು ಶೀರ್ಷಿಕೆ ಬದಲಿಸಿಬಿಡುವ ಅಪಾಯವಿದೆ.

ಪಟ್ಟಿ ಉದ್ದವಿದ್ದರೆ ಕಣ್ಣಿನಿಂದ ಬೇರ್ಪಡಿಸುವ ಅಗತ್ಯವಿಲ್ಲ. Query ಎಂಬ ಶೋಧಪದಗಳ ಫಿಲ್ಟರಿನಲ್ಲಿ Custom (regex) ಎಂಬ ಆಯ್ಕೆ ಇದೆ. ಅಲ್ಲಿ ತಿಳಿಯಲು ಬಂದವರ ಪದಗಳನ್ನು ಹೀಗೆ ಕೊಡಬಹುದು:

```
ಹೇಗೆ|ಯಾಕೆ|ಏಕೆ|ಎಂದರೇನು|ವ್ಯತ್ಯಾಸ|how|why|difference
```

ಕೊಳ್ಳಲು ಬಂದವರ ಪದಗಳನ್ನು ಹೀಗೆ:

```
ಖರೀದಿ|ಆರ್ಡರ್|ಬೆಲೆ|(^| )ದರ|buy|order|price
```

ಎರಡರಲ್ಲೂ ಇಂಗ್ಲಿಷ್ ಅಕ್ಷರದ ಪದಗಳನ್ನು ಸೇರಿಸಿರುವುದಕ್ಕೆ ಕಾರಣವಿದೆ. ಕನ್ನಡ ಓದುವವರು ಕನ್ನಡದಲ್ಲೇ ಟೈಪ್ ಮಾಡುತ್ತಾರೆ ಎಂದುಕೊಳ್ಳಬೇಡಿ. ಒಬ್ಬರೇ ಒಮ್ಮೆ ಕನ್ನಡ ಲಿಪಿಯಲ್ಲಿ, ಇನ್ನೊಮ್ಮೆ ಇಂಗ್ಲಿಷಿನಲ್ಲಿ, ಮತ್ತೊಮ್ಮೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ hege ಎಂದು ಟೈಪ್ ಮಾಡುವುದುಂಟು. ನಿಮ್ಮ ಪಟ್ಟಿಯಲ್ಲಿ ಅಂಥ ರೂಪಗಳು ಕಂಡರೆ ಅವನ್ನೂ ಸೇರಿಸಿಕೊಳ್ಳಿ.

ಇಲ್ಲಿ ಒಂದು ಮಿತಿಯಿದೆ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಖಾಸಗಿತನದ ಕಾರಣಕ್ಕೆ ಗೂಗಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ. ಹೀಗಾಗಿ ಸಾಲುಗಳನ್ನು ಕೂಡಿದ ಮೊತ್ತ ಮೇಲಿನ ಒಟ್ಟು ಮೊತ್ತಕ್ಕಿಂತ ಕಡಿಮೆ ಬರುತ್ತದೆ. ಅದು ನಿಮ್ಮ ಕೂಡಿಕೆಯ ತಪ್ಪಲ್ಲ. ನಮಗೆ ಬೇಕಿರುವುದು ಯಾವ ಕಡೆ ತೂಕ ಹೆಚ್ಚು ಎಂಬುದು ಮಾತ್ರ, ಅದು ಇಷ್ಟರಲ್ಲೇ ತಿಳಿಯುತ್ತದೆ.

## ಹಂತ 3: ಜೊತೆಪದದ ಮೇಲೆ ವಿಂಗಡಿಸಿ

ಈಗ ಹಾಳೆಯಲ್ಲಿ ಪ್ರತಿ ಶೋಧಪದದ ಎದುರು ‘ತಿಳಿಯಲು’, ‘ಕೊಳ್ಳಲು’, ‘ಗೊತ್ತಾಗುತ್ತಿಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಕಂಪನಿಯ ಅಥವಾ ತಾಣದ ಹೆಸರನ್ನೇ ಟೈಪ್ ಮಾಡಿದವರು ಒಂದು ನಿರ್ದಿಷ್ಟ ಜಾಗಕ್ಕೆ ಹೊರಟವರು, ಅವರನ್ನು ಈ ಲೆಕ್ಕದಿಂದ ಹೊರಗಿಡಿ.

ನಮ್ಮ ಪುಟಕ್ಕೆ ಮೂರು ತಿಂಗಳಲ್ಲಿ 6,000 ಇಂಪ್ರೆಷನ್, 60 ಕ್ಲಿಕ್ ಬಂದಿವೆ ಎಂದುಕೊಳ್ಳೋಣ. ಅಂದರೆ ಸಿಟಿಆರ್ ಶೇಕಡಾ 1. ಲೆಕ್ಕ ತಿಳಿಯಾಗಲೆಂದು ಎಲ್ಲ ಪದಗಳೂ ಪಟ್ಟಿಯಲ್ಲಿ ಸಿಕ್ಕಿವೆ ಎಂದೇ ಇಟ್ಟುಕೊಂಡರೆ, ವಿಂಗಡಣೆ ಹೀಗೆ ಬಂತು:

| ಶೋಧದ ಬಗೆ | ಇಂಪ್ರೆಷನ್ |
|---|---|
| ಕೆಪಾಸಿಟರ್ ಬದಲಾಯಿಸುವುದು, ಜೋಡಿಸುವುದು ಹೇಗೆ | 2,600 |
| ಫ್ಯಾನ್ ನಿಧಾನವಾಗಿ ತಿರುಗುತ್ತಿದೆ, ಯಾಕೆ | 1,400 |
| ಬರೀ ‘ಫ್ಯಾನ್ ಕೆಪಾಸಿಟರ್’ | 1,100 |
| ಬೆಲೆ, ಖರೀದಿ, ಅಳತೆಯ ಜೊತೆ ಹೆಸರು | 900 |

ಮೊದಲ ಸಾಲಿನಲ್ಲಿ ಗೊಂದಲವಿಲ್ಲ. ನಿಜವಾದ ಕೆಲಸ ಇರುವುದು ಎರಡೂ ಕಡೆ ಮುಖ ಮಾಡುವ ಪದಗಳಲ್ಲಿ, ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

‘ಬೆಲೆ’ ಅಂಥ ಒಂದು ಪದ. ‘ಕೆಪಾಸಿಟರ್ ಬೆಲೆ ಎಷ್ಟು’ ಎನ್ನುವವರಲ್ಲಿ ಕೊಳ್ಳಲು ಹೊರಟವರೂ ಇರುತ್ತಾರೆ, ರಿಪೇರಿಯವರು ಹೇಳಿದ ಮೊತ್ತ ಸರಿಯೇ ಎಂದು ಪರೀಕ್ಷಿಸುವವರೂ ಇರುತ್ತಾರೆ. ಅದನ್ನು ಸದ್ಯಕ್ಕೆ ‘ಗೊತ್ತಾಗುತ್ತಿಲ್ಲ’ ಗುಂಪಿಗೆ ಹಾಕಿ, ಮುಂದಿನ ಹಂತದಲ್ಲಿ ತೀರ್ಮಾನಿಸಿ. ‘ಅರ್ಜಿ’ ಕೂಡ ಹೀಗೆಯೇ. ಅರ್ಜಿ ಹಾಕುವ ಜಾಗ ಬೇಕಾದವರು, ಅರ್ಜಿ ತುಂಬುವ ಕ್ರಮ ತಿಳಿಯಬೇಕಾದವರು ಇಬ್ಬರೂ ಅದನ್ನೇ ಟೈಪ್ ಮಾಡುತ್ತಾರೆ.

ಅಳತೆ ಅಥವಾ ಮಾದರಿ ಸಂಖ್ಯೆ ಸಾಮಾನ್ಯವಾಗಿ ಕೊಳ್ಳುವ ಕಡೆ ವಾಲುತ್ತದೆ. fan capacitor 2.5 mfd ಎಂದು ಟೈಪ್ ಮಾಡಿದವರು ಆಗಲೇ ಹಳೆಯ ಕೆಪಾಸಿಟರಿನ ಮೇಲೆ ಬರೆದದ್ದನ್ನು ಓದಿಯಾಗಿದೆ, ಅವರಿಗೆ ಬೇಕಿರುವುದು ಅದೇ ಅಳತೆಯ ವಸ್ತು. ಆದರೆ ಅದೇ ಅಳತೆ ಜೋಡಿಯಾಗಿ ಬಂದರೆ ಅರ್ಥ ತಿರುಗಿಬಿಡುತ್ತದೆ. ‘2.5 ಇರುವಲ್ಲಿ 3.15 ಹಾಕಬಹುದೇ’ ಎನ್ನುವವರು ಇನ್ನೂ ಕಲಿಯುತ್ತಿದ್ದಾರೆ. ಹಾಗಾಗಿ ಒಂಟಿ ಪದ ನೋಡಿ ಗುರುತು ಹಾಕಬೇಡಿ, ಇಡೀ ಸಾಲನ್ನು ಓದಿ.

ಎರಡನೇ ಸಾಲಿನ 1,400 ಬೇರೆಯೇ ಬಗೆಯದು. ‘ಫ್ಯಾನ್ ನಿಧಾನವಾಗಿ ತಿರುಗುತ್ತಿದೆ’ ಎನ್ನುವವರು ತಿಳಿಯಲು ಬಂದವರೇ, ನಿಜ. ಆದರೆ ಅವರಿಗೆ ಕೆಪಾಸಿಟರ್ ಎಂಬ ಪದವೇ ಇನ್ನೂ ಗೊತ್ತಿಲ್ಲ. ತೊಂದರೆ ಬೇರಿಂಗಿನಲ್ಲಿರಬಹುದು, ರೆಗ್ಯುಲೇಟರಿನಲ್ಲಿರಬಹುದು, ವೋಲ್ಟೇಜ್ ಇಳಿದಿರಬಹುದು. ಅವರನ್ನು ‘ಕೆಪಾಸಿಟರ್ ಬದಲಾಯಿಸುವುದು ಹೇಗೆ’ ಎಂಬ ಶೀರ್ಷಿಕೆಗೆ ಎಳೆದು ತಂದರೆ, ಕಾಯಿಲೆ ಗೊತ್ತಾಗುವ ಮೊದಲೇ ಔಷಧಿ ಕೊಟ್ಟಂತಾಗುತ್ತದೆ. ಮಾಹಿತಿ ಎಂಬ ಒಂದೇ ಹಣೆಪಟ್ಟಿ ಹಚ್ಚಿ ಈ ಇಬ್ಬರನ್ನೂ ಕೂಡಿಸಿಬಿಡುವುದು ಅನುಭವಿಗಳೂ ಮಾಡುವ ತಪ್ಪು.

## ಹಂತ 4: ಫಲಿತಾಂಶದ ಪುಟವನ್ನೇ ಸಾಕ್ಷಿ ಮಾಡಿಕೊಳ್ಳಿ

ವಿಂಗಡಣೆ ಇನ್ನೂ ನಿಮ್ಮ ಓದು ಮಾತ್ರ. ಅದು ಸರಿಯೋ ತಪ್ಪೋ ಎಂದು ಹೇಳುವುದು ಆ ಪದಕ್ಕೆ ಗೂಗಲ್ ಈಗ ತೋರಿಸುತ್ತಿರುವ ಮೊದಲ ಹತ್ತು ಫಲಿತಾಂಶಗಳು. ಯಾವ ಬಗೆಯ ಪುಟ ಹುಡುಕುವವರಿಗೆ ಒದಗುತ್ತದೆ ಎಂಬುದರ ಅಂದಾಜು ಆ ಪಟ್ಟಿಯಲ್ಲೇ ಇರುತ್ತದೆ.

ಬ್ರೌಸರಿನ ಖಾಸಗಿ ವಿಂಡೋ ತೆರೆದು ಪ್ರತಿ ಬಗೆಯಿಂದ ಹೆಚ್ಚು ಇಂಪ್ರೆಷನ್ ಬಂದ ಎರಡೆರಡು ಪದಗಳನ್ನು ಹುಡುಕಿ. ಖಾಸಗಿ ವಿಂಡೋ ನಿಮ್ಮ ಹಳೆಯ ಹುಡುಕಾಟದ ಪ್ರಭಾವ ತಪ್ಪಿಸುತ್ತದೆ, ನೀವು ಇರುವ ಜಾಗದ ಪ್ರಭಾವವನ್ನು ತಪ್ಪಿಸುವುದಿಲ್ಲ. ಆದ್ದರಿಂದ ಫಲಿತಾಂಶದಲ್ಲಿ ಹತ್ತಿರದ ಅಂಗಡಿಗಳ ನಕ್ಷೆ ಬಂದರೆ ಅದು ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದು ತಿಳಿಯಬೇಡಿ. ಓದುಗರಲ್ಲಿ ಫೋನಿನವರೇ ಹೆಚ್ಚಿದ್ದರೆ ಫೋನಿನಲ್ಲೂ ಒಮ್ಮೆ ನೋಡಿ.

ಜಾಹೀರಾತುಗಳನ್ನು ಬಿಟ್ಟು ಹತ್ತು ಸಾಮಾನ್ಯ ಫಲಿತಾಂಶಗಳನ್ನು ಎಣಿಸಿ. ಒಂದೊಂದನ್ನೂ ತೆರೆದು ಅದು ವಿವರಿಸುವ ಪುಟವೋ, ಮಾರುವ ಪುಟವೋ ನೋಡಿ. ತೆರೆಯದೆ ಶೀರ್ಷಿಕೆಯಿಂದಲೇ ಗುರುತಿಸಲು ಹೋದರೆ ಮೋಸಹೋಗುತ್ತೀರಿ. ‘ಉತ್ತಮ ಕೆಪಾಸಿಟರ್‌ಗಳು’ ಎಂಬ ಶೀರ್ಷಿಕೆಯ ಹಿಂದೆ ಹೋಲಿಕೆಯ ಲೇಖನವೂ ಇರಬಹುದು, ಬರೀ ಸರಕಿನ ಪಟ್ಟಿಯೂ ಇರಬಹುದು.

ಎಣಿಕೆಗೆ ನಾನು ಇಟ್ಟುಕೊಳ್ಳುವ ಅಳತೆ ಇಷ್ಟೇ: ಹತ್ತರಲ್ಲಿ ಏಳು ಅಥವಾ ಹೆಚ್ಚು ಒಂದೇ ಬಗೆಯವಾದರೆ ಆ ಪದದ ಉದ್ದೇಶ ತೀರ್ಮಾನವಾದಂತೆ. ಅಲ್ಲಿ ಬೇರೆ ಬಗೆಯ ಪುಟ ಇಟ್ಟು ಮೇಲೇರಲು ಹೆಣಗುವುದು ವ್ಯರ್ಥ. ಐದು ಐದು ಅಥವಾ ಆರು ನಾಲ್ಕು ಬಂದರೆ ಅದು ಬೆರಕೆ ಪದ. ಇದು ಗೂಗಲ್ ಕೊಟ್ಟ ನಿಯಮವಲ್ಲ, ಕೆಲಸಕ್ಕೆ ಅನುಕೂಲವಾದ ಗೆರೆ ಅಷ್ಟೇ.

ಎಣಿಕೆಯ ಜೊತೆಗೆ ಪುಟದ ಚಹರೆಯನ್ನೂ ಗಮನಿಸಿ. ಬೆಲೆಪಟ್ಟಿ ಅಂಟಿಸಿದ ಸರಕಿನ ಚಿತ್ರಗಳು ಸಾಲಾಗಿ ಬಂದಿದ್ದರೆ ಕೊಳ್ಳುವ ಉದ್ದೇಶದ ಬಲವಾದ ಗುರುತು. ಮೇಲೆಯೇ ಉತ್ತರದ ಚೌಕ, ವಿಡಿಯೋಗಳು, ಜನ ಕೇಳುವ ಇತರ ಪ್ರಶ್ನೆಗಳು ಬಂದಿದ್ದರೆ ತಿಳಿಯುವ ಉದ್ದೇಶದ ಗುರುತು. ಆದರೆ ಜಾಹೀರಾತು ಇದೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವ ಪದ ಎಂದು ಬರೆದುಕೊಳ್ಳಬೇಡಿ. ಜಾಹೀರಾತು ಹೇಳುವುದು ಮಾರುವವರ ಆಸೆಯನ್ನು, ಹುಡುಕುವವರ ಆಸೆಯನ್ನಲ್ಲ.

ನಮ್ಮ ಉದಾಹರಣೆಯಲ್ಲಿ ‘ಬದಲಾಯಿಸುವುದು ಹೇಗೆ’ ಎಂಬುದಕ್ಕೆ ಹತ್ತರಲ್ಲಿ ಒಂಬತ್ತು ವಿವರಣೆ ಮತ್ತು ವಿಡಿಯೋ, ಅಳತೆಯ ಜೊತೆಗಿನ ಹೆಸರಿಗೆ ಎಂಟು ಮಾರಾಟದ ಪುಟ, ಬರೀ ‘ಫ್ಯಾನ್ ಕೆಪಾಸಿಟರ್’ ಎಂಬುದಕ್ಕೆ ಐದು ಐದು ಬಂದವು ಎಂದುಕೊಳ್ಳೋಣ. ಹೀಗೆ ಬಂದಾಗ ಬರೀ ಹೆಸರನ್ನು ಗುರಿಯಾಗಿ ಇಟ್ಟುಕೊಳ್ಳುವುದನ್ನೇ ಬಿಡಬೇಕು. ಇಂಪ್ರೆಷನ್ ಕಣ್ಣು ಕುಕ್ಕುವಷ್ಟಿದ್ದರೂ ಅಲ್ಲಿ ಅರ್ಧ ಜನ ನಿಮ್ಮವರಲ್ಲ. ಸ್ಪಷ್ಟ ಜೊತೆಪದ ಇರುವ ಶೀರ್ಷಿಕೆಯಲ್ಲಿಯೂ ಆ ಹೆಸರು ಇದ್ದೇ ಇರುವುದರಿಂದ ನಿಮ್ಮವರಾದ ಅರ್ಧ ಜನರಿಗೆ ಅದು ಹೇಗೂ ತಲುಪುತ್ತದೆ.

## ಹಂತ 5: ಒಂದು ಪುಟಕ್ಕೆ ಒಂದು ಉದ್ದೇಶ ಕೊಟ್ಟು ಶೀರ್ಷಿಕೆ ಬರೆಯಿರಿ

ಈಗ ನಮ್ಮ ಪುಟವನ್ನು ಒಡೆಯಬೇಕು. ಹಳೆಯ ವಿಳಾಸವನ್ನು ಯಾವ ಉದ್ದೇಶಕ್ಕೆ ಬಿಡಬೇಕು ಎಂಬ ಪ್ರಶ್ನೆಗೆ ಹಂತ 3ರ ಪಟ್ಟಿಯೇ ಉತ್ತರ ಕೊಡುತ್ತದೆ. ಹೆಚ್ಚು ಇಂಪ್ರೆಷನ್ ತಂದ ಉದ್ದೇಶಕ್ಕೆ ಹಳೆಯ ವಿಳಾಸ ಉಳಿಯಲಿ. ಇಲ್ಲಿ ಅದು ಬದಲಾಯಿಸುವ ವಿಧಾನ. ಮಾರಾಟದ ಭಾಗವನ್ನು ಹೊಸ ವಿಳಾಸಕ್ಕೆ ಒಯ್ಯಿರಿ. ನಿಧಾನವಾಗಿ ತಿರುಗುವ ಫ್ಯಾನಿನ ಕಾರಣಗಳಿಗೆ ಮೂರನೇ ಪುಟ ಬೇಕು, ಅದನ್ನು ಆಮೇಲೆ ಬರೆದರೂ ನಡೆಯುತ್ತದೆ. ಮೂರೂ ಪುಟಗಳ ನಡುವೆ ಕೊಂಡಿ ಇರಲಿ, ಕೊಂಡಿಯ ಪದಗಳಲ್ಲಿಯೂ ಆಯಾ ಪುಟದ ಜೊತೆಪದವೇ ಇರಲಿ.

ಶೀರ್ಷಿಕೆ ಬರೆಯುವಾಗ ಕನ್ನಡದ ವಾಕ್ಯರಚನೆ ಒಂದು ತೊಡಕು ಒಡ್ಡುತ್ತದೆ. ನಮ್ಮಲ್ಲಿ ಕ್ರಿಯಾಪದವೂ ಪ್ರಶ್ನೆಯ ಪದವೂ ಕೊನೆಗೆ ಬರುತ್ತವೆ. ಉದ್ದೇಶ ಹೇಳುವ ‘ಬದಲಾಯಿಸುವುದು ಹೇಗೆ’ ಎಂಬುದು ಬಾಲದಲ್ಲಿ ಕುಳಿತಿರುತ್ತದೆ. ಗೂಗಲ್ ಶೀರ್ಷಿಕೆಯನ್ನು ಕತ್ತರಿಸುವುದೂ ಬಾಲದಲ್ಲೇ. ಹೆಸರಿನ ಹಿಂದೆ ಮೂರು ನಾಲ್ಕು ವಿಶೇಷಣ ಪೇರಿಸಿದರೆ ಕಾಣುವುದು ಬರೀ ವಸ್ತುವಿನ ಹೆಸರು, ಉದ್ದೇಶ ಚುಕ್ಕಿಗಳೊಳಗೆ ಮುಳುಗಿಹೋಗುತ್ತದೆ.

ಶೀರ್ಷಿಕೆ ಇಷ್ಟೇ ಅಕ್ಷರ ಇರಬೇಕೆಂಬ ಮಿತಿಯನ್ನು ಗೂಗಲ್ ಹಾಕಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ಕಂಪ್ಯೂಟರಿನಲ್ಲಿ ಈ ಅಗಲ ಸುಮಾರು 600 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುವುದು ರೂಢಿ. ಇಂಗ್ಲಿಷಿಗೆ ಹೇಳುವ 60 ಅಕ್ಷರದ ಲೆಕ್ಕವನ್ನು ಕನ್ನಡಕ್ಕೆ ಹಚ್ಚಬೇಡಿ. ನಮ್ಮ ಅಕ್ಷರಗಳು ಅಗಲವಾದವು, ಗುಣಿತ ಮತ್ತು ಒತ್ತಕ್ಷರಗಳನ್ನು ಬೇರೆ ಬೇರೆ ಸಾಧನಗಳು ಬೇರೆ ಬೇರೆ ರೀತಿ ಎಣಿಸುತ್ತವೆ. ಸುಲಭದ ದಾರಿಯೆಂದರೆ ಜೊತೆಪದ ಮೊದಲ ಐದಾರು ಪದಗಳೊಳಗೆ ಮುಗಿಯುವಂತೆ ಬರೆಯುವುದು. ತಾಣದ ಹೆಸರು, ಹೆಚ್ಚಿನ ವಿವರ ಏನಿದ್ದರೂ ಅದರ ನಂತರ ಬರಲಿ. ಅವು ಕತ್ತರಿಸಿಹೋದರೂ ನಷ್ಟವಿಲ್ಲ.

ಮಾಹಿತಿಯ ಪುಟಕ್ಕೆ:

```html
<title>ಸೀಲಿಂಗ್ ಫ್ಯಾನ್ ಕೆಪಾಸಿಟರ್ ಬದಲಾಯಿಸುವುದು ಹೇಗೆ</title>
```

ಮಾರಾಟದ ಪುಟಕ್ಕೆ:

```html
<title>ಫ್ಯಾನ್ ಕೆಪಾಸಿಟರ್ ಖರೀದಿ: 2.5 ಮತ್ತು 3.15 mfd, 440 V</title>
```

ಎರಡರ ನಡುವಿನ ವ್ಯತ್ಯಾಸ ‘ಹೇಗೆ’ ಮತ್ತು ‘ಖರೀದಿ’ಗಳಲ್ಲಿ ಮಾತ್ರ ಇಲ್ಲ. ಕೊಳ್ಳುವವರು ತಮ್ಮ ಕೈಯಲ್ಲಿರುವ ಹಳೆಯ ತುಣುಕಿನ ಮೇಲಿನ ಸಂಖ್ಯೆಯನ್ನು ಶೀರ್ಷಿಕೆಯಲ್ಲಿ ಹುಡುಕುತ್ತಾರೆ, ಹಾಗಾಗಿ ಅಳತೆ ಅಲ್ಲಿ ಇರಲೇಬೇಕು. ಅವರು ಟೈಪ್ ಮಾಡುವ mfd ಎಂಬ ರೂಪವನ್ನೇ ಇಟ್ಟಿರುವುದೂ ಅದಕ್ಕೆ. ಕಲಿಯುವವರಿಗೆ ಅದೇ ಅಳತೆ ಗೊಂದಲ ತರುತ್ತದೆ, ತಮ್ಮ ಫ್ಯಾನಿಗೆ ಇದು ಅನ್ವಯಿಸುವುದಿಲ್ಲವೇನೋ ಎಂದು ಮುಂದೆ ಹೋಗುತ್ತಾರೆ.

ಎರಡರಿಂದಲೂ ತೆಗೆದುಹಾಕಬೇಕಾದ ಪದಗಳಿವೆ. ‘ಸಂಪೂರ್ಣ ಮಾಹಿತಿ’ ಎಂಬುದು ತಿಳಿಯುವ ಕಡೆ ವಾಲಿದಂತೆ ಕಂಡರೂ ಏನು ತಿಳಿಸುತ್ತದೆ ಎಂದು ಹೇಳುವುದಿಲ್ಲ, ಅದು ತುಂಬಿದ ಜಾಗದಲ್ಲಿ ಒಂದು ಕ್ರಿಯಾಪದ ಹಿಡಿಸುತ್ತಿತ್ತು. ‘ನಿಮಗೆ ಗೊತ್ತೇ’ ಕೂಡ ಹಾಗೆಯೇ. ಮಾಹಿತಿಯ ಪುಟದಲ್ಲಿ ‘ಆಫರ್’, ‘ಕಡಿಮೆ ಬೆಲೆ’ ಇಟ್ಟರೆ ಕಲಿಯಲು ಬಂದವರು ಅಂಗಡಿ ಎಂದುಕೊಂಡು ದಾಟಿಹೋಗುತ್ತಾರೆ.

ಇನ್ನು ಪುಟದ ಒಳಗೆ ಬನ್ನಿ. ಶೀರ್ಷಿಕೆ ಬದಲಿಸಿ ಒಳಗೆ ಹಳೆಯದನ್ನೇ ಬಿಟ್ಟರೆ ಕೆಲಸ ಕೆಡುತ್ತದೆ. ಗೂಗಲ್ ನಿಮ್ಮ `<title>` ಅನ್ನು ಹಾಗೆಯೇ ತೋರಿಸಬೇಕೆಂದಿಲ್ಲ. ಅದು ಪುಟಕ್ಕೆ ಹೊಂದುವುದಿಲ್ಲ ಎನಿಸಿದರೆ `<h1>`ನಿಂದಲೋ, ಪುಟದ ಇತರ ದೊಡ್ಡಕ್ಷರದ ಬರಹದಿಂದಲೋ, ಬೇರೆ ಪುಟಗಳು ಕೊಟ್ಟ ಕೊಂಡಿಯ ಪದಗಳಿಂದಲೋ ತಾನೇ ಒಂದನ್ನು ಕಟ್ಟಿ ತೋರಿಸುತ್ತದೆ. ಆದ್ದರಿಂದ `<h1>`ನಲ್ಲಿಯೂ ಅದೇ ಜೊತೆಪದ ಬರಲಿ. ಬದಲಾಯಿಸುವ ಪುಟದ ಮೊದಲ ಪರದೆಯಲ್ಲೇ ಕೆಲಸದ ಮೊದಲ ಹೆಜ್ಜೆ ಕಾಣಬೇಕು: ಮೇನ್ ಸ್ವಿಚ್ ಆಫ್ ಮಾಡುವುದು, ಕೆಪಾಸಿಟರಿನಲ್ಲಿ ಉಳಿದಿರಬಹುದಾದ ಚಾರ್ಜಿನ ಬಗ್ಗೆ ಎಚ್ಚರಿಕೆ, ಹಳೆಯದರ ಅಳತೆ ಓದಿಕೊಳ್ಳುವುದು. ಕೊಳ್ಳುವ ಕೊಂಡಿ ಒಂದೇ ಸಾಲಾಗಿ, ಅಳತೆ ಓದಿಕೊಳ್ಳುವ ಹೆಜ್ಜೆಯ ನಂತರ ಬಂದರೆ ಸಾಕು. ಮಾರಾಟದ ಪುಟದ ಮೊದಲ ಪರದೆಯಲ್ಲಿ ಅಳತೆ, ಬೆಲೆ, ದಾಸ್ತಾನು, ಆರ್ಡರ್ ಗುಂಡಿ ಇರಬೇಕು, ವಿವರಣೆ ಕೆಳಗಿರಲಿ.

## ಹಂತ 6: ದಿನಾಂಕ ಬರೆದಿಟ್ಟು, ಕಾದು, ಅಳೆಯಿರಿ

ಬದಲಾವಣೆ ಮಾಡಿದ ದಿನಾಂಕವನ್ನೂ ಹಳೆಯ ಶೀರ್ಷಿಕೆಯನ್ನೂ ಹಾಳೆಯಲ್ಲಿ ಬರೆದಿಡಿ. ಸರ್ಚ್ ಕನ್ಸೋಲ್‌ನ URL Inspection ನಲ್ಲಿ ವಿಳಾಸ ಹಾಕಿ Request Indexing ಒತ್ತಿ. ಇದರಿಂದ ಗೂಗಲ್ ಪುಟವನ್ನು ಮತ್ತೆ ಓದಲು ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ ಅಷ್ಟೇ, ಇಂತಿಷ್ಟು ದಿನದಲ್ಲಿ ಎಂಬ ಖಾತ್ರಿಯಿಲ್ಲ. ಫಲಿತಾಂಶದಲ್ಲಿ ಹೊಸ ಶೀರ್ಷಿಕೆ ಕಂಡ ದಿನದಿಂದ 28 ದಿನ ಎಣಿಸಿ. ಅಷ್ಟರೊಳಗೆ ಶೀರ್ಷಿಕೆಯನ್ನು ಮತ್ತೆ ಮುಟ್ಟಬೇಡಿ. ಮೂರು ದಿನಕ್ಕೊಮ್ಮೆ ಪದ ಬದಲಿಸುವವರಿಗೆ ಯಾವ ಪದ ಕೆಲಸ ಮಾಡಿತೆಂದು ಎಂದೂ ತಿಳಿಯುವುದಿಲ್ಲ.

ಆಮೇಲೆ ಹಿಂದಿನ 28 ದಿನದ ಜೊತೆ ಹೋಲಿಸಿ. ಫ್ಯಾನಿನಂಥ ವಸ್ತುವಿಗೆ ಸೆಕೆಯ ದಿನಗಳಲ್ಲಿ ಹುಡುಕಾಟ ತಾನಾಗಿ ಏರುವುದರಿಂದ, ಹಿಂದಿನ ವರ್ಷದ ಅದೇ ದಿನಗಳನ್ನೂ ನೋಡಿ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ.

ಪುಟದ ಒಟ್ಟು ಸಿಟಿಆರ್ ನೋಡಿ ತೀರ್ಪು ಕೊಡಬೇಡಿ. ನೀವು ಗುರಿಯಿಟ್ಟ ಪದಗಳನ್ನು ಮಾತ್ರ ಫಿಲ್ಟರ್ ಮಾಡಿ, ಅವುಗಳ ಸರಾಸರಿ ಸ್ಥಾನ ಮೊದಲಿನಷ್ಟೇ ಇದೆಯೇ ಎಂದು ಮೊದಲು ನೋಡಿ. ಸ್ಥಾನ 8ರ ಆಸುಪಾಸಿನಲ್ಲೇ ನಿಂತು ಸಿಟಿಆರ್ ಏರಿದ್ದರೆ ಅದು ಶೀರ್ಷಿಕೆಯ ಕೆಲಸ. ಸ್ಥಾನ 8ರಿಂದ 4ಕ್ಕೆ ಬಂದಿದ್ದರೆ ಏರಿಕೆಯಲ್ಲಿ ಎಷ್ಟು ಪಾಲು ಶೀರ್ಷಿಕೆಯದು ಎಂದು ಬೇರ್ಪಡಿಸಲಾಗದು.

ಇಲ್ಲಿ ಕಾಣುವ ಗುರುತುಗಳಲ್ಲಿ ಕೆಲವು ತಪ್ಪು ದಾರಿಗೆ ಎಳೆಯುತ್ತವೆ. ಇಂಪ್ರೆಷನ್ ಇಳಿದು ಕ್ಲಿಕ್ ಏರಿದರೆ ಗಾಬರಿ ಬೇಡ. ಕೊಳ್ಳುವವರ ಪದಗಳು ಹಳೆಯ ಪುಟವನ್ನು ಬಿಟ್ಟುಹೋಗಿವೆ, ಹೋಗಲೆಂದೇ ನೀವು ಒಡೆದದ್ದು. ಬದಲಾವಣೆಯ ನಂತರದ ಮೂರು ತಿಂಗಳಲ್ಲಿ ನಮ್ಮ 6,000 ಇಂಪ್ರೆಷನ್ 4,500ಕ್ಕೆ ಇಳಿದು ಕ್ಲಿಕ್ 60ರಿಂದ 130 ಆದರೆ ಕೆಲಸ ಸರಿಯಾಗಿಯೇ ಸಾಗಿದೆ.

ಕ್ಲಿಕ್ ಏರಿ ಆರ್ಡರ್ ಏರದಿದ್ದರೆ ಮಾರಾಟದ ಪುಟದ ಶೋಧಪದಗಳನ್ನು ಮತ್ತೆ ತೆರೆಯಿರಿ. ಅಲ್ಲಿ ‘ಹೇಗೆ’, ‘ಯಾಕೆ’ ತುಂಬಿದ್ದರೆ ಕಲಿಯುವವರು ಇನ್ನೂ ತಪ್ಪು ಬಾಗಿಲು ತಟ್ಟುತ್ತಿದ್ದಾರೆ. ಆ ಪುಟದ ಕೆಳಗಿರುವ ಉದ್ದ ವಿವರಣೆಯೇ ಹೆಚ್ಚಾಗಿ ಇದಕ್ಕೆ ಕಾರಣವಾಗಿರುತ್ತದೆ. ಅದನ್ನು ಕಿರಿದು ಮಾಡಿ, ಬದಲಾಯಿಸುವ ಪುಟಕ್ಕೆ ಕೊಂಡಿ ಕೊಡಿ.

ಎರಡು ಪುಟಗಳೂ ಒಂದೇ ಪದಕ್ಕೆ ವಾರಕ್ಕೊಮ್ಮೆ ಅದಲುಬದಲಾಗಿ ಕಾಣಿಸಿಕೊಂಡರೆ ಒಡೆಯುವಿಕೆ ಅರ್ಧಕ್ಕೆ ನಿಂತಿದೆ. ಗುರುತಿಸಲು ಆ ಒಂದು ಪದವನ್ನು Queries ನಲ್ಲಿ ಒತ್ತಿ Pages ಪಟ್ಟಿಗೆ ಹೋಗಿ. ಅಲ್ಲಿ ಎರಡೂ ವಿಳಾಸಗಳಿಗೆ ಹೆಚ್ಚುಕಡಿಮೆ ಸಮನಾದ ಇಂಪ್ರೆಷನ್ ಇದ್ದರೆ, ಶೀರ್ಷಿಕೆಯ ಜೊತೆಪದ ಬೇರೆಯಾದರೂ `<h1>` ಅಥವಾ ಮೊದಲ ಪ್ಯಾರಾ ಇನ್ನೂ ಒಂದೇ ರೀತಿ ಇರುವ ಸಾಧ್ಯತೆ ಹೆಚ್ಚು. ಬೆರಕೆ ಪದಕ್ಕೆ ಮಾತ್ರ ಹೀಗಾಗುತ್ತಿದ್ದರೆ ಬಿಟ್ಟುಬಿಡಿ, ಅಲ್ಲಿ ಎರಡೂ ಪುಟಗಳಿಗೆ ಜಾಗವಿದೆ.

ಗೂಗಲ್ ನಿಮ್ಮದಲ್ಲದ ಶೀರ್ಷಿಕೆ ತೋರಿಸುತ್ತಿದ್ದರೆ, ಅದು ಆರಿಸಿಕೊಂಡ ಪದಗಳನ್ನು ಗಮನವಿಟ್ಟು ಓದಿ. ನೀವು ‘ಖರೀದಿ’ ಎಂದು ಬರೆದಲ್ಲಿ ಅದು ‘ಬದಲಾಯಿಸುವ ವಿಧಾನ’ ಎಂಬ ಉಪಶೀರ್ಷಿಕೆಯನ್ನು ಎತ್ತಿ ತೋರಿಸಿದ್ದರೆ, ಪುಟದ ಒಳಗಿನ ತೂಕ ಇನ್ನೂ ಆ ಕಡೆಗೇ ಇದೆ ಎಂದರ್ಥ. ಆಗ ಶೀರ್ಷಿಕೆಯ ಪದಗಳನ್ನು ಮತ್ತೆ ಮತ್ತೆ ತಿದ್ದಿ ಫಲವಿಲ್ಲ. ಹಂತ 1ರಲ್ಲಿ ಬರೆದ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಂಡು ಆ ಉಪಶೀರ್ಷಿಕೆಯ ಕೆಳಗಿನ ಬರಹವನ್ನು ಅದರ ಸರಿಯಾದ ಪುಟಕ್ಕೆ ಸಾಗಿಸಿ, ಮತ್ತೊಮ್ಮೆ Request Indexing ಕೊಟ್ಟು, 28 ದಿನದ ಎಣಿಕೆಯನ್ನು ಹೊಸದಾಗಿ ಆರಂಭಿಸಿ.